ಹಸುವಿನ ಬೆಲೆ, ಹಾಲಿನ ಲೆಕ್ಕ: ಇಂಡ್ ಎಎಸ್ 41 ಅಳವಡಿಸಿದ ನನ್ನ ಅನುಭವ

ಕೋಲಾರದ ಕಡೆಯ ಒಂದು ಡೈರಿ ಕಂಪನಿಯ ವಾರ್ಷಿಕ ಲೆಕ್ಕಪತ್ರಗಳನ್ನು ಕೃಷಿಗೆ ಸಂಬಂಧಿಸಿದ ಭಾರತೀಯ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 41ರ ಪ್ರಕಾರ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈ ಮಾನದಂಡದಲ್ಲಿ ಹಸು ಒಂದು ಜೈವಿಕ ಆಸ್ತಿ. ಅದಕ್ಕೆ ಯಂತ್ರದಂತೆ ಸವಕಳಿ ಹಾಕುವುದಿಲ್ಲ. ಮಾರ್ಚ್ 31ರಂದು ಅದರ ನ್ಯಾಯೋಚಿತ ಮೌಲ್ಯದಿಂದ ಮಾರಾಟದ ಖರ್ಚು ಕಳೆದು ತೋರಿಸಿ, ಏರಿಳಿತವನ್ನು ಆ ವರ್ಷದ ಲಾಭ-ನಷ್ಟಕ್ಕೇ ಒಯ್ಯಬೇಕು.

ಬೆಲೆ ಗೊತ್ತುಮಾಡುವ ಮೊದಲು ಕಿವಿಯೋಲೆಯ ಸಂಖ್ಯೆಯನ್ನು ರಿಜಿಸ್ಟರಿಗೆ ತಾಳೆ ನೋಡಿ, ಹಸುಗಳನ್ನು ಕರು, ಕಡಸು, ಮೊದಲ ಸೂಲು, ನಂತರದ ಸೂಲುಗಳು ಎಂದು ವಿಂಗಡಿಸಿದೆ. ಸಂತೆಯಲ್ಲಿ ದರ ನಿಲ್ಲುವುದು ಸೂಲು, ಗಬ್ಬ ಮತ್ತು ಹಾಲಿನ ಮೇಲೆ. ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿದ ಹಸುವಿಗೆ ಅದೇ ಸೂಲಿನ ಬೇರೆ ಹಸುವಿನ ಬೆಲೆ ಹಾಕಿದರೆ ದಲ್ಲಾಳಿಯೇ ನಗುತ್ತಾನೆ. ಅಂಥವನ್ನು ಬೇರೆ ಗುಂಪಿನಲ್ಲಿಟ್ಟೆ.

ಮೊದಲ ಸೂಲಿನ ಹಸುವಿಗೆ ಸಂತೆಯ ದರ ₹83,000 ಎಂದುಕೊಳ್ಳಿ. ಕೊಟ್ಟಿಗೆಯಿಂದ ಸಂತೆಗೆ ಸಾಗಿಸುವ ₹2,000 ಕಳೆದರೆ ನ್ಯಾಯೋಚಿತ ಮೌಲ್ಯ ₹81,000. ದಲ್ಲಾಳಿಯ ₹1,000 ಕಳೆದರೆ ₹80,000. ಸಾಗಣೆ ಮಾರಾಟದ ಖರ್ಚಲ್ಲ, ಅದು ಮೌಲ್ಯದೊಳಗೇ ಕಳೆಯುತ್ತದೆ. ಮೊತ್ತ ಒಂದೇ ಬಂದರೂ ಈ ಭೇದವನ್ನು ಲೆಕ್ಕಪರಿಶೋಧಕರು ಕೇಳದೆ ಬಿಡುವುದಿಲ್ಲ.

ವರ್ಷದ ಆರಂಭದಲ್ಲಿ ತಲಾ ₹45,000ದ 40 ಕಡಸುಗಳು, ಅಂದರೆ ₹18 ಲಕ್ಷ. ವರ್ಷಾಂತ್ಯಕ್ಕೆ ಅವೆಲ್ಲ ಕರು ಹಾಕಿ ಮೊದಲ ಸೂಲಿನ ಹಸುಗಳಾದವು: ತಲಾ ₹80,000ದಂತೆ ₹32 ಲಕ್ಷ. ಈ ₹14 ಲಕ್ಷದ ಹೆಚ್ಚಳವನ್ನು ನಾನು ಒಡೆದು ತೋರಿಸಿದೆ. ಮೊದಲಿನಷ್ಟೇ ವಯಸ್ಸಿನ ಕಡಸಿಗೆ ಈಗ ₹48,000 ಆಗಿದ್ದರಿಂದ ₹1.20 ಲಕ್ಷ ಬೆಲೆ ಏರಿಕೆಯದು; ಉಳಿದ ₹12.80 ಲಕ್ಷ ಬೆಳವಣಿಗೆಯದು. ಹೀಗೆ ಒಡೆಯುವುದು ಕಡ್ಡಾಯವಲ್ಲ, ಮಾನದಂಡ ಪ್ರೋತ್ಸಾಹಿಸುತ್ತದೆ ಅಷ್ಟೆ. ಆದರೆ ಒಡೆಯದೆ ಇದ್ದರೆ ಮುದಿ ಹಸುಗಳಲ್ಲಿ ಆಗುವ ಇಳಿಕೆ, ಸಂತೆಯ ಏರಿಕೆಯ ಹಿಂದೆ ಮರೆಯಾಗುತ್ತದೆ. ಹುಟ್ಟಿದ ಕರುವಿನ ಮೌಲ್ಯವೂ ಹುಟ್ಟಿದಾಗಲೇ ಲಾಭಕ್ಕೆ ಸೇರುತ್ತದೆ.

ಹಾಲಿನದು ಬೇರೆ ದಾರಿ. ಕರೆದ ಕ್ಷಣದಲ್ಲಿ ಅದು ಹಸುವಿನಿಂದ ಬೇರ್ಪಟ್ಟು ಕೃಷಿ ಉತ್ಪನ್ನವಾಗುತ್ತದೆ. ಆಗಿನ ಮೌಲ್ಯದಲ್ಲಿ ದಾಸ್ತಾನಿಗೆ ಬಂದು, ಮಾರಿದಾಗ ಆದಾಯವಾಗುತ್ತದೆ. ಮಾರ್ಚ್ 31ರ ಸಂಜೆ ಕರೆದು ಕೂಲರಿನಲ್ಲೇ ಉಳಿದ 900 ಲೀಟರನ್ನು ₹38ರಂತೆ ₹34,200 ದಾಸ್ತಾನೆಂದು ತೋರಿಸಿದೆವು. ಮೇವಿನ ಖರ್ಚನ್ನು ಆಯಾ ವರ್ಷದ ಖರ್ಚೆಂದೇ ಬರೆದೆವು.

ಆಡಳಿತ ಮಂಡಳಿಗೆ ₹14 ಲಕ್ಷ ಕಂಡಾಗ ಡಿವಿಡೆಂಡಿನ ಮಾತು ಬಂತು. ಕಂಪನಿ ಕಾಯ್ದೆ 2013ರ ಕಲಂ 123, ಡಿವಿಡೆಂಡ್ ಹಂಚಲು ಲಾಭ ಲೆಕ್ಕಹಾಕುವಾಗ ನ್ಯಾಯೋಚಿತ ಮೌಲ್ಯದ ಬದಲಾವಣೆಯನ್ನು ಬಿಡಬೇಕೆನ್ನುತ್ತದೆ. ಆದ್ದರಿಂದ ಹಸುವಿನ ಮೌಲ್ಯದ ಲಾಭವನ್ನು ಹಾಲಿನ ಮಾರಾಟದಿಂದ ಬೇರೆ ಸಾಲಿನಲ್ಲಿ ಇಟ್ಟು, ಹಂಚಬಹುದಾದ ಲಾಭದ ಪಟ್ಟಿಯಿಂದ ಹೊರಗಿಟ್ಟೆ.