ಬೆಣ್ಣೆ ಕೇಕಿನಲ್ಲಿ ಸಕ್ಕರೆ ಶೇಕಡಾ ಮೂವತ್ತು ಇಳಿಸಿದ್ದು ಹೀಗೆ

ಮೈದಾ, ಸಕ್ಕರೆ, ಬೆಣ್ಣೆ ತಲಾ 200 ಗ್ರಾಂ, ನಾಲ್ಕು ಮೊಟ್ಟೆ: ಬೆಣ್ಣೆ ಕೇಕಿಗೆ ನಾನು ಮೊದಲು ಬಳಸುತ್ತಿದ್ದ ಅಳತೆ ಇದು. ಇದರಲ್ಲಿ ಸಕ್ಕರೆಯನ್ನಷ್ಟೇ 140 ಗ್ರಾಂಗೆ ಇಳಿಸಿ ಬೇರೇನನ್ನೂ ಮುಟ್ಟದಿದ್ದರೆ ಕೇಕ್ ನಡುವೆ ಗುಮ್ಮಟದಂತೆ ಉಬ್ಬಿ ಬಿರಿಯುತ್ತದೆ, ಮೇಲ್ಭಾಗ ಬಿಳಿಚಿಕೊಳ್ಳುತ್ತದೆ, ಮಾರನೇ ದಿನಕ್ಕೆ ತುಂಡು ಪುಡಿಪುಡಿಯಾಗುತ್ತದೆ.

ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಿಂದ ಹಿಟ್ಟಿನ ಪಿಷ್ಟವೂ ಮೊಟ್ಟೆಯ ಪ್ರೋಟೀನೂ ಗಟ್ಟಿಯಾಗುವುದು ತಡವಾಗುತ್ತದೆ. ಸಕ್ಕರೆ ಕಡಿಮೆಯಾದರೆ ಅಂಚು ಬೇಗ ಸೆಟ್ ಆಗುತ್ತದೆ. ಇನ್ನೂ ಹಸಿಯಿರುವ ನಡುಭಾಗ ಆಮೇಲೆ ಉಬ್ಬಿ ಮೇಲ್ಪದರವನ್ನು ಸೀಳುತ್ತದೆ. ಜೊತೆಗೆ ಮೈದಾಕ್ಕೆ ನೀರು ಸಲೀಸಾಗಿ ಸಿಕ್ಕಿ ಗ್ಲೂಟನ್ ಹೆಚ್ಚು ಬೆಳೆಯುತ್ತದೆ. ಕತ್ತರಿಸಿದ ತುಂಡಿನಲ್ಲಿ ಮೇಲ್ಮುಖವಾಗಿ ಉದ್ದುದ್ದ ತೂತುಗಳು ಕಂಡರೆ ಕಾರಣ ಇದೇ.

ಹಾಗಾಗಿ ಈಗ ನನ್ನ ಅಳತೆ: ಮೈದಾ 180 ಗ್ರಾಂ, ಕಾರ್ನ್‌ಫ್ಲೋರ್ 20 ಗ್ರಾಂ, ಸಣ್ಣ ಹರಳಿನ ಸಕ್ಕರೆ 120 ಗ್ರಾಂ, ಜೇನುತುಪ್ಪ 20 ಗ್ರಾಂ, ಬೆಣ್ಣೆ 200 ಗ್ರಾಂ, ಮೊಟ್ಟೆ ನಾಲ್ಕು, ಹಾಲಿನ ಪುಡಿ 20 ಗ್ರಾಂ, ಹಾಲು 40 ಮಿ.ಲೀ., ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಚಿಟಿಕೆ, ಉಪ್ಪು ಕಾಲು ಟೀ ಚಮಚ.

ಕಾರ್ನ್‌ಫ್ಲೋರ್‌ನಲ್ಲಿ ಗ್ಲೂಟನ್ ಇಲ್ಲದ್ದರಿಂದ ಕೇಕ್ ಮೆದುವಾಗಿ ಉಳಿಯುತ್ತದೆ. ಜೇನಿನ ಫ್ರಕ್ಟೋಸ್ ತೇವ ಹಿಡಿಯುತ್ತದೆ, ಸಕ್ಕರೆಗಿಂತ ಬೇಗ ಬಣ್ಣವನ್ನೂ ಕೊಡುತ್ತದೆ. ಹಾಲಿನ ಪುಡಿಯ ಲ್ಯಾಕ್ಟೋಸ್ ಮತ್ತು ಪ್ರೋಟೀನ್ ಸೇರಿ ಕೆಂಬಣ್ಣ ತರುತ್ತವೆ. ಹೆಚ್ಚು ಸಿಹಿಯಿಲ್ಲದೆ ಬಣ್ಣ ಕೊಡುವುದರಲ್ಲಿ ನನಗೆ ಇದೇ ಹೆಚ್ಚು ನಂಬಿಕೆಯ ಸಾಮಗ್ರಿ. ಸೋಡಾ ಹಿಟ್ಟನ್ನು ತುಸು ಕ್ಷಾರವಾಗಿಸಿ ಈ ಬಣ್ಣ ಬರುವ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಆದರೆ ಚಿಟಿಕೆ ದಾಟಿದರೆ ಸಾಬೂನಿನ ರುಚಿ ಖಂಡಿತ.

ಬೆಣ್ಣೆ ಬೆರಳಿಟ್ಟರೆ ಗುರುತು ಬೀಳುವಷ್ಟು ಮೆತ್ತಗಿರಲಿ, ಕರಗಿರಬಾರದು. ಬೆಣ್ಣೆಯೊಳಗೆ ಗಾಳಿ ಸಿಕ್ಕಿಸುವುದು ಸಕ್ಕರೆ ಹರಳು. ಹರಳು ಕಡಿಮೆಯಾಗಿರುವುದರಿಂದ ಮಾಮೂಲಿಗಿಂತ ಎರಡು ನಿಮಿಷ ಹೆಚ್ಚು, ಬಣ್ಣ ತಿಳಿಯಾಗುವವರೆಗೆ ಬೀಟ್ ಮಾಡುತ್ತೇನೆ. ಪುಡಿ ಸಕ್ಕರೆ ಇಲ್ಲಿ ಆಗದು, ಅದರ ಕಣ ತೀರಾ ನುಣುಪು. ಜೇನು ಸೇರಿಸಿ, ಮೊಟ್ಟೆಗಳನ್ನು ಒಂದೊಂದಾಗಿ ಹಾಕಿ. ಜರಡಿ ಹಿಡಿದ ಒಣ ಸಾಮಗ್ರಿ ಮತ್ತು ಹಾಲು ಬಿದ್ದ ಮೇಲೆ ಬೀಟರ್ ಬದಿಗಿಟ್ಟು ಸೌಟಿನಿಂದ ಮಡಚುತ್ತಾ ಕಲಸಿ. ಒಣ ಹಿಟ್ಟು ಕಾಣದಾದ ತಕ್ಷಣ ನಿಲ್ಲಿಸಿ.

ಓವನ್ 175 ಡಿಗ್ರಿ ಬದಲು 165 ಇರಲಿ. ಅಂಚು ನಿಧಾನವಾಗಿ ಸೆಟ್ ಆಗಿ ನಡುಭಾಗಕ್ಕೂ ಏರಲು ಸಮಯ ಸಿಗುತ್ತದೆ. ಎಂಟು ಇಂಚಿನ ಟಿನ್ನಿಗೆ ಸುಮಾರು 40 ನಿಮಿಷ ಬೇಕು, 35ಕ್ಕೇ ಕಡ್ಡಿ ಚುಚ್ಚಿ ನೋಡಿ. ಬಣ್ಣ ನೋಡಿ ಇಳಿಸಲು ಕಾಯಬೇಡಿ. ಇದು ಗಾಢ ಕಂದಾಗುವುದಿಲ್ಲ, ತಿಳಿ ಹೊನ್ನಿನ ಬಣ್ಣಕ್ಕೇ ಬೆಂದಿರುತ್ತದೆ, ಅಲ್ಲಿಂದ ಐದು ನಿಮಿಷ ಹೆಚ್ಚಾದರೂ ಒಣಗುತ್ತದೆ.

ಸಕ್ಕರೆ 100 ಗ್ರಾಂಗಿಂತ ಕೆಳಗಿಳಿದರೆ ಈ ಉಪಾಯಗಳು ಸಾಲುವುದಿಲ್ಲ, ಕೇಕ್ ಬ್ರೆಡ್ಡಿನತ್ತ ವಾಲುತ್ತದೆ. ಅಷ್ಟು ಕಡಿಮೆ ಬೇಕೆಂದರೆ ಮಾಗಿದ ಬಾಳೆಹಣ್ಣು ಹಾಕಿ ಎಣ್ಣೆಯಲ್ಲಿ ಮಾಡುವ ಕೇಕನ್ನೇ ಆರಿಸಿಕೊಳ್ಳುತ್ತೇನೆ.