ಟೈಟ್ ಮಾಡಿದಷ್ಟೂ ಕೀರಲು: ಕಂಪ್ರೆಸರ್ ಬೆಲ್ಟ್ ಜೊತೆ ನನ್ನ ಅನುಭವ

ಮೈಸೂರಿನ ಮೇಟಗಳ್ಳಿ ಹತ್ತಿರ ಪರಿಚಯದವರ ಟೈರ್ ಅಂಗಡಿ ಇದೆ. ಅಲ್ಲಿನ ಕಂಪ್ರೆಸರ್ ಶುರುವಾದಾಗೆಲ್ಲ ಬೀದಿಗೆ ಕೇಳುವಷ್ಟು ಕೀರಲುತ್ತಿತ್ತು. 7.5 ಎಚ್‌ಪಿ ಮೋಟರ್, ಎರಡು ಬಿ ಸೆಕ್ಷನ್ ವೀ ಬೆಲ್ಟ್. ಒಂದು ವರ್ಷದಲ್ಲಿ ಮೂರು ಜೊತೆ ಬೆಲ್ಟ್ ಹೋಗಿತ್ತು, ಮೋಟರಿನ ಪುಲ್ಲಿ ಕಡೆ ಬೇರಿಂಗೂ ಒಮ್ಮೆ ಹೋಗಿತ್ತು. "ಇನ್ನೆಷ್ಟು ಟೈಟ್ ಮಾಡೋದು ಅಣ್ಣಾ, ಕಂಬಿ ಥರ ಆಗಿದೆ" ಅಂದರು ಅಂಗಡಿಯವರು. ಮುಟ್ಟಿ ನೋಡಿದೆ, ನಿಜ.

ಕೆಲಸಕ್ಕೆ ಮುಂಚೆ ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಕಂಪ್ರೆಸರ್ ಸುಮ್ನೆ ನಿಂತಿದೆ ಅಂತ ನಂಬಬೇಡಿ. ಟ್ಯಾಂಕಿನ ಗಾಳಿ ಇಳಿದರೆ ಪ್ರೆಷರ್ ಸ್ವಿಚ್ ತಾನಾಗೇ ಮೋಟರ್ ಓಡಿಸುತ್ತೆ, ಆಗ ಬೆರಳು ಬೆಲ್ಟ್ ಮೇಲಿದ್ದರೆ ಮುಗೀತು.

ಗಾರ್ಡ್ ಬಿಚ್ಚಿದಾಗಲೇ ಸಂಗತಿ ಕಾಣಿಸಿತು. ಹೊಸ ಬಿ ಬೆಲ್ಟ್ ಸರಿಯಾದ ಪುಲ್ಲಿಯಲ್ಲಿ ಅಂಚಿಗೆ ಸಮವಾಗಿ ಕೂರಬೇಕು, ಸ್ವಲ್ಪ ಮೇಲೆ ಇದ್ದರೂ ಪರವಾಗಿಲ್ಲ. ಇಲ್ಲಿ ಬೆಲ್ಟ್ ಹಾಕಿ ತಿಂಗಳೂ ಆಗಿರಲಿಲ್ಲ, ಆದರೂ ಮೋಟರ್ ಪುಲ್ಲಿಯಲ್ಲಿ 3 ಮಿ.ಮೀ. ಒಳಗೆ ಕೂತಿತ್ತು. ಬೆಲ್ಟ್ ಬಿಚ್ಚಿ ಟಾರ್ಚ್ ಹಾಕಿದರೆ ಗ್ರೂವಿನ ತಳ ಕನ್ನಡಿ ಥರ ಮಿಂಚುತ್ತಿತ್ತು. ವೀ ಬೆಲ್ಟ್ ಎಳೆಯೋದು ಎರಡು ಪಕ್ಕದ ಗೋಡೆಗಳ ಹಿಡಿತದಿಂದ, ತಳಕ್ಕೆ ತಾಗಲೇಬಾರದು. ಗೋಡೆ ಸವೆದು ಬೆಲ್ಟ್ ತಳಕ್ಕೆ ಕೂತರೆ ಬೆಣೆಯ ಹಿಡಿತ ಹೋಗಿ ಚಪ್ಪಟೆ ಬೆಲ್ಟಿನ ಥರ ಜಾರುತ್ತೆ. ಅದನ್ನ ಎಷ್ಟು ಟೈಟ್ ಮಾಡಿದರೂ ಬೇರಿಂಗ್ ಸಾಯುತ್ತೆ ಅಷ್ಟೇ. ಯಾರೋ ರಾಳದ ಪುಡಿ ಬೇರೆ ಉದುರಿಸಿದ್ದರು, ಅದರ ಮೇಲೆ ಧೂಳು ಕೂತು ಗೋಡೆಗಳನ್ನ ಇನ್ನಷ್ಟು ಉಜ್ಜಿತ್ತು.

ಪುಲ್ಲಿ ಬದಲಿಸುವ ಮುಂಚೆ ಟ್ಯಾಕೋಮೀಟರ್ ಇಟ್ಟು ಅಳೆದಿದ್ದೆ. ಟ್ಯಾಂಕಿನಲ್ಲಿ ಪೂರ್ತಿ ಪ್ರೆಷರ್ ಬರುವ ಹೊತ್ತಿಗೆ ಅಳೆಯಬೇಕು, ಖಾಲಿ ಟ್ಯಾಂಕಲ್ಲಿ ಬೆಲ್ಟ್ ಜಾರದೇ ಇರಬಹುದು. ಮೋಟರ್ ನಿಮಿಷಕ್ಕೆ 1440 ಸುತ್ತು. ಮೋಟರ್ ಪುಲ್ಲಿ 150 ಮಿ.ಮೀ., ಕಂಪ್ರೆಸರ್ ಕಡೆಯ ದೊಡ್ಡ ಚಕ್ರ ಅಂದರೆ ಫ್ಲೈವೀಲ್ 400 ಮಿ.ಮೀ., ಎರಡೂ ಪಿಚ್ ಅಳತೆ, ಅಂದರೆ ಬೆಲ್ಟಿನ ಒಳಗಿನ ದಾರ ಸುತ್ತುವ ಗೆರೆಯ ವ್ಯಾಸ. ಲೆಕ್ಕದ ಪ್ರಕಾರ ಫ್ಲೈವೀಲ್ 540 ಸುತ್ತಬೇಕು, ತೋರಿಸಿದ್ದು 492. ನೇರ ಲೆಕ್ಕ ಹಾಕಿದರೆ ಸುಮಾರು 9 ಪರ್ಸೆಂಟ್ ಜಾರಾಟ. ಆದರೆ ಅದು ಪೂರ್ತಿ ಜಾರಾಟ ಅಲ್ಲ. ಬೆಲ್ಟ್ 3 ಮಿ.ಮೀ. ಕೆಳಗೆ ಇಳಿದಿದ್ದರಿಂದ 150ರ ಪುಲ್ಲಿ 144ರ ಥರ ಕೆಲಸ ಮಾಡುತ್ತಿತ್ತು, ಅಂದರೆ ಜಾರದಿದ್ದರೂ 518 ಸುತ್ತೇ. ನಿಜವಾಗಿ ಜಾರಿದ್ದು 5 ಪರ್ಸೆಂಟ್. ಅದೂ ಜಾಸ್ತಿನೇ, ಒಂದೆರಡು ಪರ್ಸೆಂಟಿಗಿಂತ ಮೇಲೆ ಹೋದರೆ ನಾನು ಕಾರಣ ಹುಡುಕುತ್ತೇನೆ.

ಹೊಸ ಮೋಟರ್ ಪುಲ್ಲಿ ತಂದೆವು. ಫ್ಲೈವೀಲ್ ಗ್ರೂವ್ ಚೆನ್ನಾಗಿತ್ತು. ಚಿಕ್ಕ ಪುಲ್ಲಿ ಜಾಸ್ತಿ ಸುತ್ತೋದ್ರಿಂದ ಅದೇ ಮೊದಲು ಸವೆಯೋದು. ಬೆಲ್ಟ್ ಉದ್ದಕ್ಕೆ ಹಳೆಯ ನಂಬರ್ ನಂಬದೆ ಲೆಕ್ಕ ಹಾಕಿದೆ: ಎರಡು ಶಾಫ್ಟ್‌ಗಳ ನಡುವಿನ ದೂರ C 593 ಮಿ.ಮೀ. ಇಟ್ಟು, D ಫ್ಲೈವೀಲ್, d ಮೋಟರ್ ಪುಲ್ಲಿ ಅಂತ ಹಿಡಿದರೆ

```
L = 2C + 1.57(D + d) + (D - d)²/4C
  = 1186 + 863.5 + 26 ≈ 2076
```

ಇದು ಪಿಚ್ ಉದ್ದ. ಬಿ ಸೆಕ್ಷನ್ನಿಗೆ 43 ಕಳೆದರೆ ಒಳ ಉದ್ದ 2033, ಅಂದರೆ 80 ಇಂಚು, ಬಿ80. ಒಂದೇ ಕಂಪನಿ, ಒಂದೇ ಸೆಟ್ಟಿನ ಎರಡೂ ಬೆಲ್ಟ್ ಕೇಳಿ ತಂದೆ. ಒಂದು ಹಳೆಯದು ಒಂದು ಹೊಸದು ಹಾಕಿದರೆ ಹೊಸದೇ ಪೂರ್ತಿ ಭಾರ ಹೊರುತ್ತೆ. ಹಾಕುವಾಗ ಸ್ಕ್ರೂಡ್ರೈವರಿಂದ ಎಬ್ಬಿಸಬೇಡಿ, ಒಳಗಿನ ದಾರ ಹರಿಯುತ್ತೆ. ಮೋಟರ್ ಬೋಲ್ಟ್ ಲೂಸ್ ಮಾಡಿ ಮುಂದಕ್ಕೆ ತಳ್ಳಿ, ಕೈಯಲ್ಲೇ ಕೂರಿಸಿ. ಆಮೇಲೆ ಎರಡೂ ಪುಲ್ಲಿಯ ಮುಖಕ್ಕೆ ದಾರ ಎಳೆದು ಒಂದೇ ಗೆರೆಯಲ್ಲಿ ಇದೆಯಾ ನೋಡಿದೆ.

ಟೆನ್ಷನ್ನಿಗೆ ನನ್ನ ಸಾಧನ ಗ್ಯಾಸ್ ಸಿಲಿಂಡರ್ ತೂಗೋ ದೊಡ್ಡದಲ್ಲ, ಮಾರ್ಕೆಟ್ಟಿನ ಸಣ್ಣ ಸ್ಪ್ರಿಂಗ್ ತಕ್ಕಡಿ. ಪುಲ್ಲಿಗಳ ನಡುವೆ ಬೆಲ್ಟಿನ ನೇರ ಭಾಗ 580 ಮಿ.ಮೀ. ಇತ್ತು. ಪ್ರತಿ 100 ಮಿ.ಮೀ.ಗೆ 1.6 ಮಿ.ಮೀ. ಬಗ್ಗಬೇಕು, ಅಂದರೆ ಇಲ್ಲಿ ಸುಮಾರು 9. ಮಧ್ಯಕ್ಕೆ ಕೊಕ್ಕೆ ಹಾಕಿ ಒಂದು ಬೆಲ್ಟನ್ನ ಮಾತ್ರ ಎಳೆದು, ಪಕ್ಕದ ಬೆಲ್ಟಿನಿಂದ 9 ಮಿ.ಮೀ. ದೂರ ಬಂದಾಗ ತಕ್ಕಡಿ ಓದಿದೆ. ಈ ಸೈಜಿಗೆ ನಾನು 3 ಕೆಜಿ ಇಡುತ್ತೇನೆ, ಹೊಸ ಬೆಲ್ಟಾದರೆ 4, ಯಾಕೆಂದರೆ ಮೊದಲ ದಿನಗಳಲ್ಲಿ ಅದು ಗ್ರೂವಿಗೆ ಕೂತು ಸಡಿಲ ಆಗುತ್ತೆ. ಹಳೆಯ ಬಿಗಿತದಲ್ಲಿ ಇದೇ ತಕ್ಕಡಿ 8 ದಾಟಿತ್ತು!

ಓಡಿಸಿದಾಗ ಫುಲ್ ಪ್ರೆಷರಿನಲ್ಲಿ 532 ಸುತ್ತು ಬಂತು, ಜಾರಾಟ 1.5 ಪರ್ಸೆಂಟ್. ಕೀರಲು ಇಲ್ಲ. ಆದರೆ ಕಂಪ್ರೆಸರ್ ಕಟ್ ಆಗಿ ಮತ್ತೆ ಶುರುವಾದಾಗ ಒಂದು ಸಲ 'ಕೀಂಯ್' ಅಂತು. ಖಾಲಿ ಟ್ಯಾಂಕಿನಲ್ಲಿ ಶುರು ಮಾಡಿದರೆ ಸುಮ್ಮನಿತ್ತು. ಅದು ಬೆಲ್ಟಿನ ತಪ್ಪಲ್ಲ. ಕಟ್ ಆದಾಗ 'ಪುಸ್' ಅಂತ ಹೆಡ್ಡಿನ ಗಾಳಿ ಬಿಡುವ ಅನ್‌ಲೋಡರ್ ವಾಲ್ವ್ ಕಸ ಕಟ್ಟಿತ್ತು, ಗಾಳಿ ಉಳಿದು ಮೋಟರ್ ಭಾರ ಹೊತ್ತೇ ಶುರುವಾಗುತ್ತಿತ್ತು. ಬಿಚ್ಚಿ ತೊಳೆದ ಮೇಲೆ ಆ ಸದ್ದೂ ನಿಂತಿತು.

ಮಾರನೇ ದಿನ ಎರಡೂ ಬೆಲ್ಟ್ ಅಳೆದಾಗ 4 ಇದ್ದದ್ದು 2.6ಕ್ಕೆ ಇಳಿದಿತ್ತು, 3ಕ್ಕೆ ತಂದು ಬೋಲ್ಟ್ ಬಿಗಿದೆ. ವಾರ ಬಿಟ್ಟು ನೋಡಿದರೆ ಅಲ್ಲೇ ನಿಂತಿತ್ತು.