ಜೆರಾಕ್ಸ್ ಅಂಗಡಿಯ ದುಡ್ಡು ಎಲ್ಲಿದೆ?

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜೊಂದರ ಎದುರು ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. ಶುರು ಮಾಡಿದಾಗ ದಿನವಿಡೀ ಗಿರಾಕಿಗಳು ನಿಂತಿರುತ್ತಿದ್ದರು, ತಿಂಗಳ ಕೊನೆಗೆ ಮಾತ್ರ ಗಲ್ಲಾ ಖಾಲಿ. ಯಾಕೆ ಅಂತ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ.

ಒಂದು ಹಾಳೆಗೆ ನನಗೆ ಬೀಳುತ್ತಿದ್ದದ್ದು ಸುಮಾರು 60 ಪೈಸೆ. ಟೋನರ್, ಡ್ರಮ್, ಮೆಕ್ಯಾನಿಕ್ ಎಲ್ಲ ಹಂಚಿದರೆ ಒಂದು ಮುಖಕ್ಕೆ 25 ಪೈಸೆ. ಒಟ್ಟು 85. ತೆಗೆದುಕೊಳ್ಳುತ್ತಿದ್ದದ್ದು ಒಂದು ರೂಪಾಯಿ. ಉಳಿಯುವ 15 ಪೈಸೆಯಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ ಎಲ್ಲ ಏಳಬೇಕು. ಅದೇ ಹಾಳೆಯ ಎರಡೂ ಕಡೆ ತೆಗೆದು ಒಂದೂವರೆ ರೂಪಾಯಿ ತಗೊಂಡರೆ 40 ಪೈಸೆ ಉಳಿಯುತ್ತದೆ, ಹುಡುಗರಿಗೂ ಅಗ್ಗ. ಅವತ್ತಿನಿಂದ ನೋಟ್ಸ್ ತಂದವರಿಗೆಲ್ಲ ಮೊದಲು ಕೇಳುವ ಮಾತು, "ಎರಡೂ ಕಡೆ ತೆಗಿಲಾ?"

ಆದರೆ ಅಂಗಡಿಯನ್ನು ನಿಜಕ್ಕೂ ಉಳಿಸಿದ್ದು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ರಿಪೋರ್ಟು. ಒಂದು ಟೀಮಿನ ಲೆಕ್ಕ ಹೇಳುತ್ತೇನೆ. ನಾಲ್ಕು ಜನ, 64 ಪುಟದ ರಿಪೋರ್ಟು, ನಾಲ್ಕು ಪ್ರತಿ. ಪ್ರತಿಯೊಂದರಲ್ಲೂ 10 ಪುಟ ಕಲರ್. ಕಪ್ಪು ಬಿಳುಪು 216 ಪುಟ, ಎರಡು ರೂಪಾಯಿಯಂತೆ 432. ಕಲರ್ 40 ಪುಟ, ಹತ್ತರಂತೆ 400. ಚಿನ್ನದ ಬಣ್ಣದ ಅಕ್ಷರದ ಹಾರ್ಡ್ ಬೈಂಡಿಂಗಿಗೆ 180ರಂತೆ 720. ಬಿಲ್ಲು 1,552. ಬೈಂಡಿಂಗನ್ನು ನಾನು ಮಾಡುವುದಿಲ್ಲ, ಪೇಟೆಯ ಬೈಂಡರಿಗೆ 130ರಂತೆ ಕೊಡುತ್ತೇನೆ. ಅದು, ಹಾಳೆ, ಇಂಕು ಎಲ್ಲ ಕಳೆದರೆ ಸುಮಾರು 690 ನನಗೆ. ಅಷ್ಟು ದುಡಿಯಬೇಕಾದರೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಹಾಳೆ ಸುಮ್ನೆ ಜೆರಾಕ್ಸ್ ತೆಗೆಯಬೇಕು!

ಇಷ್ಟು ಉಳಿಯುವ ಕಡೆ ಪೆಟ್ಟೂ ಜೋರಾಗಿಯೇ ಬೀಳುತ್ತದೆ. ಮೊದಲ ವರ್ಷ ಒಂದು ಟೀಮು ವರ್ಡ್ ಫೈಲನ್ನು ಪೆನ್ ಡ್ರೈವಿನಲ್ಲಿ ತಂದಿತ್ತು. ಅವರು ಬಳಸಿದ ಫಾಂಟು ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದು ಬೇರೆ ಫಾಂಟು ಹಾಕಿಕೊಂಡಿತು, ಸಾಲುಗಳು ಕೆಳಗೆ ಜಾರಿದವು. ಪರಿವಿಡಿಯಲ್ಲಿ ಮೂರನೇ ಅಧ್ಯಾಯ 23ನೇ ಪುಟ ಅಂತಿದೆ, ಒಳಗೆ ಅದು ಶುರುವಾಗಿದ್ದು 24ರಲ್ಲಿ. ನೋಡಿದ್ದು ಯಾವಾಗ? ನಾಲ್ಕೂ ಪುಸ್ತಕ ಬೈಂಡ್ ಆಗಿ ಬಂದು, ಅವರ ಗೈಡ್ ವಾಪಸ್ ಕಳಿಸಿದ ಮೇಲೆ. ಹಾರ್ಡ್ ಬೈಂಡಿಂಗ್ ಬಿಚ್ಚಿದರೆ ಹಾಳೆಯ ಅಂಚು ಹರಿದೇ ಹರಿಯುತ್ತದೆ, ಒಂದು ಪುಟ ಬದಲಿಸಿ ಕೂರಿಸೋಕಾಗಲ್ಲ. "ಅಣ್ಣಾ, ನಾಳೆ ವೈವಾ" ಅಂತ ಹುಡುಗಿಯೊಬ್ಬಳು ಕಣ್ಣು ತುಂಬಿಕೊಂಡು ನಿಂತಳು. ಎಲ್ಲವನ್ನೂ ನನ್ನ ಖರ್ಚಲ್ಲೇ ಮತ್ತೆ ಮಾಡಿಕೊಟ್ಟೆ.

ಆಮೇಲೆ ಪಿಡಿಎಫ್ ಬಿಟ್ಟು ಬೇರೆ ಫೈಲು ಮುಟ್ಟಲಿಲ್ಲ. ಕನ್ನಡ ಎಂಎ ಹುಡುಗರಿಗಂತೂ ಇದನ್ನು ಒತ್ತಿ ಹೇಳಬೇಕು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟು ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇನ್ನೊಂದು ನಿಯಮ, ಮೊದಲು ಒಂದೇ ಪ್ರತಿ. ಟೀಮಿನ ಒಬ್ಬರು ಕೌಂಟರಿನ ಪಕ್ಕದ ಸ್ಟೂಲಲ್ಲಿ ಕೂತು ಪುಟಪುಟವನ್ನೂ ತಿರುವಿ, ಒಂದು ಚೀಟಿಯಲ್ಲಿ 'ಸರಿ ಇದೆ' ಅಂತ ಬರೆದು ಸಹಿ ಹಾಕಬೇಕು. ಉಳಿದ ಮೂರು ಆಮೇಲೆ. ಕೆಲವರು ಗೊಣಗುತ್ತಾರೆ, ಗೊಣಗಲಿ.

ರಿಪೋರ್ಟಿನ ವಾರ ಮಳೆಗಾಲದಲ್ಲಿ ಬಂದರೆ ಇನ್ನೊಂದು ತಲೆನೋವು. ಹಾಳೆ ತೇವ ಎಳೆದುಕೊಳ್ಳುತ್ತದೆ. ಮೆಷಿನ್ನಿನಿಂದ ಹೊರಬಂದ ಹಾಳೆ ಹಪ್ಪಳದ ಹಾಗೆ ಸುರುಳಿ ಸುತ್ತಿದರೆ, ಅಕ್ಷರ ಅಲ್ಲಲ್ಲಿ ಮಾಸಲಾದರೆ ತೇವದ ಗುಮಾನಿ ಇಟ್ಟುಕೊಳ್ಳಿ. ಇನ್ನು ಸ್ವಲ್ಪ ಹೊತ್ತಿಗೆ ಒಳಗೆ ಸಿಕ್ಕಿಕೊಳ್ಳುವುದೂ ಖಂಡಿತ. ನಾನು ಮೆಕ್ಯಾನಿಕ್ಕನ್ನು ಎರಡು ಸಲ ಕರೆಸಿ ದುಡ್ಡು ಕೊಟ್ಟ ಮೇಲೆ ಗೊತ್ತಾಯ್ತು, ತಪ್ಪು ಮೆಷಿನ್ನಿನದಲ್ಲ, ಗೋಡೆಗೆ ಒರಗಿಸಿ ನೆಲದ ಮೇಲಿಟ್ಟ ಬಂಡಲ್ಲುಗಳದು. ಈಗ ಅವು ಮರದ ಹಲಗೆಯ ಮೇಲಿವೆ. ಬೇಕಾದಾಗಷ್ಟೇ ಒಂದೊಂದು ಒಡೆಯುತ್ತೇನೆ, ರಾತ್ರಿ ಟ್ರೇಯಲ್ಲಿ ಉಳಿದ ಹಾಳೆ ಮತ್ತೆ ಕವರಿನೊಳಗೆ.

ಮೇಲಿನ ಮಹಡಿಯ ರೂಮು ಖಾಲಿಯಿತ್ತು. ಹನ್ನೆರಡು ಟೇಬಲ್ ಹಾಕಿ, ತಿಂಗಳಿಗೆ 500 ರೂಪಾಯಿಯ ಸ್ಟಡಿ ರೂಮ್ ಮಾಡಿದೆ. ಕಾಲೇಜಿನವರು ಬರುತ್ತಾರೆ ಅಂದುಕೊಂಡಿದ್ದೆ. ಬಂದರು, ಪರೀಕ್ಷೆಗೆ ಮುಂಚಿನ ಇಪ್ಪತ್ತು ದಿನ ಮಾತ್ರ! ಪರೀಕ್ಷೆ ಮುಗಿದ ಮರುದಿನ ಫ್ಯಾನು ನನಗೊಬ್ಬನಿಗೆ ತಿರುಗುತ್ತಿತ್ತು. ವರ್ಷಪೂರ್ತಿ ಕೂರುವವರು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಓದುವವರು ಅಂತ ತಿಳಿಯೋಕೆ ಆರು ತಿಂಗಳು ಹಿಡಿಯಿತು. ಈಗ ಒಂಬತ್ತು ಟೇಬಲ್ ಅವರಿಗೆ ಕಾಯಂ, ಮೂರು ಮಾತ್ರ ಕಾಲೇಜಿನವರಿಗೆ, ಅದೂ ದಿನದ ಲೆಕ್ಕದಲ್ಲಿ. ಕಾಯಂ ಗಿರಾಕಿಗಳು ಬೆಳಿಗ್ಗೆ ಆರಕ್ಕೇ ಬಂದು ಬಾಗಿಲು ಬಡಿಯುತ್ತಿದ್ದರು. ಕೊನೆಗೆ ಅವರಲ್ಲೇ ಹಿರಿಯನೊಬ್ಬನ ಕೈಗೆ ಬೀಗದ ಕೀ ಕೊಟ್ಟಿದ್ದೇನೆ, ನಾನು ಎಂಟಕ್ಕೆ ಬರುತ್ತೇನೆ.